ವಿಷಯ: ಗುರುವಾರ, ಅಕ್ಟೋಬರ್ 29ರ ಮೀಟಿಂಗ್‌ಗೆ ಬರಲು ಆಗುತ್ತಿಲ್ಲ, ಬದಲಿಗೆ ಮೂರು ಸಮಯ, ಒಂದನ್ನು ಆರಿಸಿ ತಿಳಿಸಿ

ಸೋಮವಾರ, ಅಕ್ಟೋಬರ್ 26, 2026
ಮೈಸೂರು

ರಾಜೀವ್ ಸರ್, ವೀಣಾ ಮೇಡಂ, ನಮಸ್ಕಾರ.

ಈ ಗುರುವಾರಕ್ಕೆ ನೀವು ಕಳಿಸಿದ ಮೀಟಿಂಗ್ ಇನ್ವೈಟ್ ಬಂತು. ನಿಮ್ಮ ಬೆಳಿಗ್ಗೆ 8:30, ನಮಗೆ ಸಂಜೆ 6:00. ಆ ಹೊತ್ತಿಗೆ ನಾನು ಕೂರಲು ಆಗುವುದಿಲ್ಲ, ಕ್ಷಮಿಸಿ. ಬೇರೆ ಮೂರು ಸಮಯ ಕೆಳಗೆ ಬರೆದಿದ್ದೇನೆ. ಮೂರನ್ನೂ ಸದ್ಯಕ್ಕೆ ಯಾರಿಗೂ ಕೊಡದೆ ಇಟ್ಟುಕೊಂಡಿದ್ದೇನೆ.

ಕಾರಣ ಹೇಳಿಬಿಡುತ್ತೇನೆ. ಗುರುವಾರ ಬೋಗಾದಿ ಕಡೆ ಇನ್ನೊಂದು ಮನೆಯ ಮೋಲ್ಡ್ ಇದೆ. ಬೆಳಿಗ್ಗೆ 7ಕ್ಕೆ ಮಿಕ್ಸರ್ ಶುರುವಾದರೆ ಕೊನೇ ಬಾಂಡ್ಲಿ ಕಾಂಕ್ರೀಟ್ ಬೀಳುವವರೆಗೆ ಕೆಲಸ ನಿಲ್ಲಿಸುವ ಹಾಗಿಲ್ಲ. ಮಧ್ಯೆ ನಿಂತರೆ ಹಳೇದು ಬಿಗಿದುಕೊಳ್ಳುತ್ತದೆ, ಹೊಸದು ಅದಕ್ಕೆ ಸರಿಯಾಗಿ ಕೂಡುವುದಿಲ್ಲ. ಮುಂದೆ ಮಳೆಗಾಲದಲ್ಲಿ ಸೋರುವುದು ಅದೇ ಜಾಗದಲ್ಲಿ. ಸಂಜೆ 6ಕ್ಕೆ ಮುಗಿಯುತ್ತದೆ ಅಂತ ಅಲ್ಲಿನ ಮೇಸ್ತ್ರಿ ಹೇಳುತ್ತಿದ್ದಾರೆ. ಅವರ 6 ಗಂಟೆ ನನಗೆ ಗೊತ್ತು, ಎಂಟಾಗುತ್ತದೆ.

ಆಗಸ್ಟ್‌ನಲ್ಲಿ ನಿಮ್ಮ ಮನೆ ಮೋಲ್ಡ್ ದಿನ ನೀವು ಮೂರು ಸಲ ಫೋನ್ ಮಾಡಿದ್ದಿರಿ, ನಾನು ತೆಗೆದಿರಲಿಲ್ಲ. ನೆನಪಿದೆ ಅಲ್ವಾ? ಆವತ್ತು ಮೆಟ್ಟಿಲ ಪಕ್ಕದಲ್ಲಿ ಕಂಬಿ ಕೆಳಗಿನ ಕವರ್ ಬ್ಲಾಕ್‌ಗಳು ಹುಡುಗರ ಕಾಲು ತಾಗಿ ಸರಿದುಹೋಗಿ, ಕಂಬಿ ಸೆಂಟ್ರಿಂಗ್ ಹಲಗೆಗೇ ಕೂತಿತ್ತು. ನಿಂತು ನೋಡುತ್ತಿದ್ದುದರಿಂದ ಕಣ್ಣಿಗೆ ಬಿತ್ತು, ಎತ್ತಿಸಿ ಮತ್ತೆ ಇಡಿಸಿದೆ. ಮೋಲ್ಡ್ ದಿನ ನಾನು ಕಿವಿಗೆ ಫೋನ್ ಹಚ್ಚಿಕೊಳ್ಳದೆ ಇರುವುದು ಇದಕ್ಕೇ.

ಇನ್ನೊಂದು ವಿಷಯ. ಗುರುವಾರ ಸಿಕ್ಕಿದ್ದರೂ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಮಹಡಿಯ ರೂಮಿನಲ್ಲಿ ಬೆಟ್ಟದ ಕಡೆಗಿರುವ ಕಿಟಕಿಯನ್ನು 5 ಅಡಿಯಿಂದ 8 ಅಡಿ ಮಾಡಬೇಕು ಅಂತ ಕೇಳಿದ್ದೀರಿ. ಆ ಗೋಡೆ ಕಂಬದಿಂದ ಕಂಬಕ್ಕೆ 11 ಅಡಿ ಇದೆ, ಜಾಗಕ್ಕೇನೂ ತೊಂದರೆ ಇಲ್ಲ. ಆದರೆ 5 ಅಡಿಗೆ ಲೆಕ್ಕ ಹಾಕಿದ ಲಿಂಟಲ್ 8 ಅಡಿಗೆ ಸಾಲುವುದಿಲ್ಲ. ಎಷ್ಟು ದಪ್ಪ, ಎಷ್ಟು ಕಂಬಿ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು. ಶುಕ್ರವಾರ ಹೇಳುತ್ತೇನೆ ಅಂದಿದ್ದಾರೆ. ಅವರ ಲೆಕ್ಕ ಬಂದ ಮೇಲೆ 7 ಅಡಿಯದ್ದು ಒಂದು, 8 ಅಡಿಯದ್ದು ಒಂದು ಡ್ರಾಯಿಂಗ್ ಮಾಡಿ, ಖರ್ಚಿನ ಸಮೇತ ಶುಕ್ರವಾರ ರಾತ್ರಿಯೇ ಮೇಲ್ ಮಾಡುತ್ತೇನೆ. ಅದನ್ನು ಎದುರಿಗೆ ಇಟ್ಟುಕೊಂಡು ಕೂತರೆ 45 ನಿಮಿಷ ಸಾಕು.

ಈಗ ಸಮಯಗಳು. ಒಂದು ಎಚ್ಚರ: ನವೆಂಬರ್ 1ರ ಭಾನುವಾರ ನಿಮ್ಮಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ನಮ್ಮದು ಇದ್ದ ಹಾಗೇ ಇರುತ್ತದೆ. ಇವತ್ತು ನಮಗೂ ನಿಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ಆಮೇಲೆ ಹತ್ತೂವರೆ. ಮಾರ್ಚ್‌ನಲ್ಲಿ ಇದೇ ಲೆಕ್ಕ ತಪ್ಪಿ ನಿಮ್ಮಿಬ್ಬರನ್ನೂ ಪೂರ್ತಿ ಒಂದು ಗಂಟೆ ಕಾಯಿಸಿದ್ದೆ. ಅದಕ್ಕೇ ಈ ಸಲ ಎರಡೂ ಊರಿನ ವಾರ, ತಾರೀಖು, ಗಂಟೆ ಎಲ್ಲ ಬಿಡಿಸಿ ಬರೆದಿದ್ದೇನೆ.

ಸಮಯ 1
ನ್ಯೂಜೆರ್ಸಿ: ಶನಿವಾರ, ಅಕ್ಟೋಬರ್ 31, ಬೆಳಿಗ್ಗೆ 10:00ರಿಂದ 10:45
ಮೈಸೂರು: ಶನಿವಾರ, ಅಕ್ಟೋಬರ್ 31, ಸಂಜೆ 7:30ರಿಂದ 8:15
ಗಡಿಯಾರ ಬದಲಾಗುವುದಕ್ಕೆ ಮುಂಚಿನ ದಿನ, ಈಗಿನ ಲೆಕ್ಕವೇ.

ಸಮಯ 2
ನ್ಯೂಜೆರ್ಸಿ: ಸೋಮವಾರ, ನವೆಂಬರ್ 2, ರಾತ್ರಿ 9:00ರಿಂದ 9:45
ಮೈಸೂರು: ಮಂಗಳವಾರ, ನವೆಂಬರ್ 3, ಬೆಳಿಗ್ಗೆ 7:30ರಿಂದ 8:15
ಇದರಲ್ಲಿ ವಾರವೂ ತಾರೀಖೂ ಬೇರೆ ಬೇರೆ. ನಿಮಗೆ ಸೋಮವಾರ ರಾತ್ರಿ ಊಟ ಆದ ಮೇಲೆ, ನನಗೆ ಮಂಗಳವಾರ ಸೈಟಿಗೆ ಹೊರಡುವ ಮುಂಚೆ. 8:15ಕ್ಕೆ ನಾನು ಏಳಲೇಬೇಕು, ಅದಕ್ಕಿಂತ ಮುಂದಕ್ಕೆ ಎಳೆಯಲು ಆಗುವುದಿಲ್ಲ.

ಸಮಯ 3
ನ್ಯೂಜೆರ್ಸಿ: ಗುರುವಾರ, ನವೆಂಬರ್ 5, ಬೆಳಿಗ್ಗೆ 8:30ರಿಂದ 9:15
ಮೈಸೂರು: ಗುರುವಾರ, ನವೆಂಬರ್ 5, ಸಂಜೆ 7:00ರಿಂದ 7:45
ನೀವು ಕೇಳಿದ್ದ 8:30ಯೇ, ಒಂದು ವಾರ ಆಚೆ. ಇಲ್ಲಿ ಮಾತ್ರ 6 ಗಂಟೆ ಇದ್ದದ್ದು 7 ಆಗಿರುತ್ತದೆ.

ನನ್ನನ್ನು ಕೇಳಿದರೆ ಮೊದಲನೆಯದೇ ಒಳ್ಳೆಯದು. ಆ ಒಂದು ಗೋಡೆಯನ್ನು ಕಿಟಕಿ ಕೆಳಮಟ್ಟಕ್ಕೇ ನಿಲ್ಲಿಸಿ, ಉಳಿದ ಗೋಡೆ ಏರಿಸಿ ಅಂತ ಮೇಸ್ತ್ರಿಗೆ ಹೇಳಿದ್ದೇನೆ. ಶನಿವಾರ ನೀವು ಅಳತೆ ಹೇಳಿದರೆ ಸೋಮವಾರವೇ ಕೆಲಸ ಹಿಡಿಯುತ್ತಾರೆ. ನವೆಂಬರ್ 8ಕ್ಕೆ ದೀಪಾವಳಿ, 6ನೇ ತಾರೀಖು ಗಾರೆಯವರು ಊರಿಗೆ ಹೊರಟುಬಿಡುತ್ತಾರೆ. ಮೂರನೆಯ ಸಮಯವಾದರೆ ತೀರ್ಮಾನವೇನೋ ಆಗುತ್ತದೆ, ಆ ಗೋಡೆ ಮಾತ್ರ ಅವರು ಹಬ್ಬ ಮುಗಿಸಿ ಬರುವವರೆಗೆ ಹಾಗೇ ನಿಂತಿರುತ್ತದೆ. ಅದರಿಂದ ಮನೆಗೇನೂ ಆಗುವುದಿಲ್ಲ, ಒಂದು ವಾರ, ಹತ್ತು ದಿನ ಜಾಸ್ತಿ ಹಿಡಿಯುತ್ತದೆ ಅಷ್ಟೇ. ನಿಮ್ಮ ಅನುಕೂಲ ನೋಡಿ.

ಅಮ್ಮನವರೂ ಮೀಟಿಂಗಿನಲ್ಲಿ ಇರಬೇಕು ಅಂತ ಬರೆದಿದ್ದೀರಿ. ಶನಿವಾರವಾದರೆ ಅವರನ್ನು ನಮ್ಮ ಆಫೀಸಿಗೇ ಕರೆದುಕೊಂಡು ಬಂದು, ಮುಗಿದ ಮೇಲೆ ಕುವೆಂಪುನಗರಕ್ಕೆ ನಾನೇ ಬಿಟ್ಟುಬರುತ್ತೇನೆ. ಮಂಗಳವಾರ ಬೆಳಿಗ್ಗೆ ಅವರಿಗೆ ಪೂಜೆಯ ಹೊತ್ತು, ಅವರನ್ನು ಒಂದು ಮಾತು ಕೇಳಿಕೊಂಡು ಹೇಳಿ. ಅಂದ ಹಾಗೆ ಮೊನ್ನೆ ಅವರು ಸೈಟಿಗೆ ಬಂದಿದ್ದರು. ಕಿಟಕಿ ಬರುವ ಜಾಗದಲ್ಲಿ ನಿಂತು, ಎರಡೂ ಕೈ ಅಗಲಿಸಿ, "ಇಷ್ಟು ಸಾಕಪ್ಪ, ಇದಕ್ಕಿಂತ ದೊಡ್ಡದಾದರೆ ಪರದೆ ತೊಳೆಯೋರು ಯಾರು?" ಅಂದರು. ಟೇಪ್ ಹಿಡಿದು ನೋಡಿದೆ, 5 ಅಡಿ 2 ಇಂಚು. ನಾನು ಯಾರ ಪಕ್ಷವೂ ಅಲ್ಲ, ಸುಮ್ನೆ ತಿಳಿಸಿದೆ.

ಇನ್ವೈಟಿನಲ್ಲಿ ನೀವು ಬರೆದ ಉಳಿದ ಎರಡು ವಿಷಯಕ್ಕೆ ಮೀಟಿಂಗ್ ತನಕ ಕಾಯುವುದು ಬೇಡ. ಅಡುಗೆ ಕಟ್ಟೆಯ ಗ್ರಾನೈಟ್ ಆರಿಸಲು ಜನವರಿವರೆಗೆ ಟೈಮ್ ಇದೆ. ಮೂರನೇ ಹಂತದ ಬಿಲ್ ನಾಳೆ ಬೇರೆ ಮೇಲ್‌ನಲ್ಲಿ ಕಳಿಸುತ್ತೇನೆ. ಸಿಮೆಂಟ್, ಕಂಬಿಯ ರಸೀದಿಗಳ ಫೋಟೋನೂ ಅದರಲ್ಲೇ ಇರುತ್ತದೆ.

ಈ ಮೇಲ್‌ಗೆ ಉತ್ತರವಾಗಿ "1", "2" ಅಥವಾ "3" ಅಂತ ಒಂದು ಅಂಕಿ ಬರೆದರೆ ಸಾಕು. ನಿಮ್ಮ ಬುಧವಾರ, ಅಕ್ಟೋಬರ್ 28ರ ರಾತ್ರಿಯೊಳಗೆ ಬಂದರೆ ಒಳ್ಳೆಯದು, ಅಲ್ಲಿಯವರೆಗೆ ಮೂರೂ ನಿಮ್ಮದೇ. ಉತ್ತರ ನೋಡಿ ಹೊಸ ಇನ್ವೈಟ್ ನಾನೇ ಕಳಿಸುತ್ತೇನೆ. ಮೂರರಲ್ಲಿ ಯಾವುದೂ ಆಗದಿದ್ದರೆ, ನವೆಂಬರ್ 5ರೊಳಗೆ ನಿಮಗೆ ಬಿಡುವಿರುವ ಹೊತ್ತು ಬರೆಯಿರಿ, ಹೊಂದಿಸಿಕೊಳ್ಳುತ್ತೇನೆ.

ಈ ಮೇಲ್ ಕಳಿಸಿದ ತಕ್ಷಣ ಕ್ಯಾಲೆಂಡರ್‌ನಲ್ಲಿ ಗುರುವಾರದ ಇನ್ವೈಟ್‌ಗೆ "ಇಲ್ಲ" ಅಂತ ಒತ್ತುತ್ತೇನೆ. ನಿಮಗೆ ಅದರದ್ದೇ ಒಂದು ಒಣ ಮೇಲ್ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಇಂತಿ,
ಸುಮಾ
ಆರ್ಕಿಟೆಕ್ಟ್, ಮೈಸೂರು

ಮರೆತಿದ್ದೆ: ಗುರುವಾರ ಪೂರ್ತಿ ಫೋನ್ ತೆಗೆಯುವುದಿಲ್ಲ. ನಿಮ್ಮ ಸೈಟಿನಲ್ಲಿ ಅರ್ಜೆಂಟ್ ಏನಾದರೂ ಇದ್ದರೆ ನಿಮ್ಮ ಮೇಸ್ತ್ರಿಗೇ ಮಾಡಿ, ಆವತ್ತು ಅವರ ಮೇಲೆ ಕಣ್ಣಿಡಲು ನಮ್ಮ ಆಫೀಸಿನ ಹುಡುಗನನ್ನು ಅಲ್ಲೇ ಬಿಟ್ಟಿರುತ್ತೇನೆ.