ಅರ್ಧ ಮಾರ್ಕು

ಇಂಜಿನಿಯರಿಂಗ್ ಮೂರನೇ ಸೆಮ್‌ನ ಗಣಿತ, ಅಂದರೆ ಎಂ-ತ್ರೀ ಪರೀಕ್ಷೆ ಮುಗಿಸಿ ಬಂದ ಕಿರಣ ಹಾಸ್ಟೆಲ್ ರೂಮಿಗೆ ಕಾಲಿಟ್ಟಿದ್ದೇ, ಶೂ ಕೂಡ ಬಿಚ್ಚದೆ ಮಂಚದ ಮೇಲೆ ಬಿದ್ದುಕೊಂಡ.

"ಪಾಸ್ ಕಣಲೇ ಶಿವ್ಯಾ. ಎರಡು ಮಾರ್ಕು ಜಾಸ್ತೀನೇ ಬರ್ತಾವೆ."

ಶಿವು ಆಗಲೇ ಬಂದು ಬನಿಯನ್‌ನಲ್ಲಿ ಕೂತಿದ್ದ. ದಾವಣಗೆರೆಯ ಮಧ್ಯಾಹ್ನದ ಬಿಸಿಲು, ಮೇಲೆ ಫ್ಯಾನು ಸುಮ್ನೆ ಸದ್ದು ಮಾಡುತ್ತಿತ್ತು. "ಎಷ್ಟಕ್ಕೆ ಎರಡು ಜಾಸ್ತಿ?" ಎಂದ.

"35ಕ್ಕೆ. ನಾನು 37ಕ್ಕೆ ಬರೆದೀನಿ."

"ಕೊಡಿಲ್ಲಿ ಕ್ವೆಶ್ಚನ್ ಪೇಪರು."

ಪೇಪರಿನ ಅಂಚಿನಲ್ಲಿ ಕಿರಣ ಪೆನ್ಸಿಲ್‌ನಲ್ಲಿ ಅಂಕ ಬರೆದುಕೊಂಡಿದ್ದ. ಐದು ಮಾಡ್ಯೂಲ್, ಒಂದೊಂದಕ್ಕೆ 20 ಮಾರ್ಕು. ಲ್ಯಾಪ್ಲಾಸ್‌ಗೆ 12. ಫೋರಿಯರ್ ಸೀರೀಸ್‌ಗೆ 5. ಝಡ್ ಟ್ರಾನ್ಸ್‌ಫಾರ್ಮ್‌ಗೆ 9. ನಾಲ್ಕನೇ ಮಾಡ್ಯೂಲ್‌ಗೆ 11. ಐದನೆಯದಕ್ಕೆ ಒಂದು ದುಂಡನೆಯ ಸೊನ್ನೆ. ಆ ಸೊನ್ನೆಯನ್ನು ಮಾತ್ರ ಅವನು ಎರಡೆರಡು ಸಲ ತಿದ್ದಿ ಚೆಂದ ಮಾಡಿದ್ದ. ಹಾಲ್‌ನಲ್ಲಿ ಕೊನೆಯ ಅರ್ಧ ಗಂಟೆ ಬೇರೆ ಕೆಲಸ ಇರಲಿಲ್ಲ ಅಂತ ಕಾಣುತ್ತೆ.

"ಇಂಟರ್ನಲ್ಸ್ ಎಷ್ಟಲೇ ನಿಂದು?"

"50ಕ್ಕೆ 21."

"ಹಂಗಾದ್ರೆ ಫೇಲು."

ಕಿರಣ ಎದ್ದು ಕೂತ. "35 ಬಂದ್ರೆ ಪಾಸ್ ಅಂತ ರೂಲ್ಸೇ ಐತಿ. ಫಸ್ಟ್ ಸೆಮ್‌ನಿಂದ ಕೇಳ್ತಾ ಇದೀನಿ."

"ಅದು ಬರೀ ಎಕ್ಸಾಮಿಗೆ. ಎರಡೂ ಸೇರಿಸಿ 100ಕ್ಕೆ 40 ಆಗ್ಬೇಕು. ನೀನು ಬರೆಯೋದು 100ಕ್ಕೆ, ವಿಟಿಯುದವರು ತಗೊಳ್ಳೋದು ಅದರ ಅರ್ಧ. ನಿನ್ನ 37ರಲ್ಲಿ ಅರ್ಧ ಎಷ್ಟು?"

"ಹದಿನೆಂಟೂವರೆ."

"ಆ ಅರ್ಧ ಬಿಡು, 18. 21 ಪ್ಲಸ್ 18?"

ಕಿರಣ ಬಾಯಿಬಿಟ್ಟು ಹೇಳಲಿಲ್ಲ. 39 ಅನ್ನೋದು ಎಣಿಸಿ ಹೇಳುವಂಥ ಲೆಕ್ಕವೇನೂ ಆಗಿರಲಿಲ್ಲ. ಒಂದು ನಿಮಿಷ ಶೂ ಲೇಸು ಎಳೆಯುತ್ತಾ ಕೂತಿದ್ದವನು ತಟ್ಟನೆ ತಲೆ ಎತ್ತಿದ.

"ಆ ಅರ್ಧ ಯಾಕಲೇ ಬಿಡ್ಲಿ? ಹದಿನೆಂಟೂವರೆ ಅಂದ್ರೆ 19 ಮಾಡ್ತಾರೆ. 21 ಪ್ಲಸ್ 19, ನಲವತ್ತು! ಪಾಸು!"

"ಯಾರೂ ಸುಮ್ನೆ ಅರ್ಧ ಮಾರ್ಕು ಕೊಡಲ್ಲ. ನಿಮ್ಮ ಮಾವನ ಅಂಗಡಿ ಅಂದ್ಕೊಂಡ್ಯಾ?"

"35ರಲ್ಲಿ ಅರ್ಧ ಎಷ್ಟು ಹೇಳು."

"ಹದಿನೇಳೂವರೆ."

"ಸಿಲಬಸ್ ಕಾಪಿ ತೆಗಿ. ಎಕ್ಸಾಮಿಗೆ 50ಕ್ಕೆ 18 ಮಿನಿಮಮ್ ಅಂತ ಬರೆದಾರೋ ಇಲ್ಲೋ? ಹದಿನೇಳೂವರೆ 18 ಆಗಬಹುದು, ನನ್ನ ಹದಿನೆಂಟೂವರೆ 19 ಆಗಬಾರದಾ?"

ಇದು ಒಳ್ಳೆಯ ಏಟು. ಆದರೆ ಶಿವು ಹರಪನಹಳ್ಳಿಯವನು, ಅಷ್ಟು ಸುಲಭಕ್ಕೆ ಬಗ್ಗುವ ಪೈಕಿ ಅಲ್ಲ. "ಅದು ಮಿನಿಮಮ್ ಹಾಕೋಕೆ ಮಾಡಿದ ರೂಲು. ಅರ್ಧ ಮಾರ್ಕನ್ನ ಹೆಂಗೆ ಮಿನಿಮಮ್ ಅಂತ ಬರೀತಾರೆ? ಅದಕ್ಕೆ 18 ಅಂದಾರೆ. ಹಂಗಂತ ಎಲ್ಲರಿಗೂ ಅರ್ಧ ಅರ್ಧ ಹಂಚ್ತಾರೆ ಅಂತಲ್ಲ. ನಿಂಗೆ 38 ಬೇಕು, ಐತೆ 37. ಬ್ಯಾಕ್ ಕಣಪ್ಪ ನೀನು."

"ಬೆಟ್ಟು!"

"ಏನು?"

"ಮಂಡಕ್ಕಿ ಮಿರ್ಚಿ. ಮಿರ್ಚಿ ಸಾಕು ಅನ್ನೋವರೆಗೂ."

ಗಲಾಟೆ ಕಾರಿಡಾರಿಗೆ ಹೋಗಿತ್ತು. ಬಕೆಟ್ ಹಿಡಿದು ಹೊರಟಿದ್ದ ಏಳನೇ ಸೆಮ್‌ನ ಅಣ್ಣ ಬಾಗಿಲಲ್ಲಿ ನಿಂತ. ಎಂ-ತ್ರೀಯನ್ನು ಅವನು ಎಷ್ಟು ಸಲ ಬರೆದಿದ್ದಾನೆ ಅನ್ನೋದು ಹಾಸ್ಟೆಲ್‌ನಲ್ಲಿ ಯಾರೂ ಎದುರಿಗೆ ಕೇಳದ ವಿಷಯ. ಇಬ್ಬರೂ ಅವನ ಮುಂದೆ ನ್ಯಾಯ ಇಟ್ಟರು. ಅಣ್ಣ ಪೂರ್ತಿ ಕೇಳಿ, "ಅರ್ಧದ ವಿಷಯ ಆಮೇಲೆ ಮಾತಾಡನ. ಮೊದಲು ಆ 37 ಯಾರು ಕೊಟ್ಟಿದ್ದು?" ಎಂದ.

"ನಾನೇ ಹಾಕ್ಕೊಂಡಿದ್ದಣ್ಣ."

"ಪೇಪರ್ ತಿದ್ದೋರು ನೀವಲ್ಲ ತಾನೆ? ಊಟ ಮಾಡಿ ಮಲಗ್ರಿ" ಎಂದು ಹೋಗಿಬಿಟ್ಟ.

ಅಣ್ಣ ಹೋದ ಮೇಲೆ ಕಿರಣನಿಗೆ ಹೊಸ ಯೋಚನೆ ಹೊಳೆಯಿತು. "ನಿಂದೆಷ್ಟಲೇ? ನಂದೇ ಕೆದಕ್ತಾ ಕೂತೀಯಲ್ಲ."

"ನಂದು ಆರಾಮ್ ಐತಿ."

"ಎಷ್ಟು ಆರಾಮ್? ತೋರಿಸು."

ಶಿವು ತನ್ನ ಪೇಪರನ್ನು ತಲೆದಿಂಬಿನ ಕೆಳಗಿಂದ ತೆಗೆದ. ಎಲ್ಲ ಮಾಡ್ಯೂಲ್‌ಗೂ ಏನಾದರೊಂದು ಗೀಚಿ ಬರುವ ಜಾತಿ ಅವನದು. 14, 8, 7, 6, 4. ಪೆನ್ಸಿಲ್ ಈಗ ಕಿರಣನ ಕೈಗೆ ಬಂತು.

"39" ಎಂದ ಕಿರಣ, ಕೂಡಿಸಿ. "ಇಂಟರ್ನಲ್ಸ್?"

"ಇಪ್ಪತ್ತು."

"ಇಪ್ಪತ್ತಾ! ಇನ್ನೊಂದು ಕಮ್ಮಿ ಆಗಿದ್ರೆ ಎಕ್ಸಾಮಿಗೇ ಕೂರಿಸ್ತಿರಲಿಲ್ಲ ನಿನ್ನ. ಸರಿ, 39ರಲ್ಲಿ ಅರ್ಧ ಹತ್ತೊಂಬತ್ತೂವರೆ. ಆ ಅರ್ಧ ಬಿಡು..."

ಶಿವು ಫ್ಯಾನ್ ಕಡೆ ನೋಡಿದ.

"...19. 20 ಪ್ಲಸ್ 19. ಎಷ್ಟಾತು ಶಿವಣ್ಣೋರೇ?"

"ನಾಲ್ಕನೇ ಮಾಡ್ಯೂಲ್‌ಗೆ 6 ಅಲ್ಲ, 7 ಬರ್ತೈತಿ" ಎಂದ ಶಿವು. "ಫಾರ್ಮುಲಾ ಬರೆದು, ಟೇಬಲ್ ಹಾಕಿ, ಮೊದಲನೇ ಸಾಲು ಪೂರ್ತಿ ಮಾಡೀನಿ. ಸ್ಟೆಪ್ ಮಾರ್ಕ್ಸ್ ಇರಲ್ವಾ?"

"ಟೇಬಲ್ ಹಾಕಿದ್ದಕ್ಕೆ ಮಾರ್ಕು ಕೊಡೋಕೆ ನಿಮ್ಮ ಮಾವನ ಅಂಗಡಿ ಅಂದ್ಕೊಂಡ್ಯಾ?"

"ನೀನು ಫೋರಿಯರ್‌ಗೆ 5 ಹಾಕ್ಕೊಂಡೀಯಲ್ಲ, ಅದರಲ್ಲಿ ಇಂಟಿಗ್ರೇಷನ್ನೇ ಮಾಡಿಲ್ಲ ನೀನು! ಬರೀ ಲಿಮಿಟ್ಸ್ ಹಾಕಿ ಬಿಟ್ಟು ಬಂದೀಯಾ!"

"ಲಿಮಿಟ್ಸ್ ಸರಿ ಇದಾವಲ್ಲ!"

ಕತ್ತಲಾಗುವ ತನಕ ಇದೇ ನಡೆಯಿತು. ಒಂದು ಹಂತದಲ್ಲಿ ಕಿರಣ ರಾಜಿಗೂ ಬಂದ. ನಿನಗೆ ನಾಲ್ಕನೇ ಮಾಡ್ಯೂಲ್‌ನಲ್ಲಿ ಒಂದು ಕೊಡ್ತೀನಿ, ನನಗೆ ಲ್ಯಾಪ್ಲಾಸ್‌ನಲ್ಲಿ ಒಂದು ಕೊಡು, ಇಬ್ಬರಿಗೂ ಅರ್ಧದ ಹಂಗೇ ಬೇಡ ಎಂದ. ಶಿವು ಒಪ್ಪಲಿಲ್ಲ. ನನ್ನ 40 ನಿಜವಾದ 40, ನಿನ್ನ ಹತ್ತಿರ ಇಸ್ಕೊಂಡದ್ದಲ್ಲ ಎಂದ. ಮೆಸ್ಸಿನಲ್ಲಿ ಬೇರೆ ಬೇರೆ ಟೇಬಲ್‌ನಲ್ಲಿ ಕೂತು ಉಂಡರು.

ಎಷ್ಟೋ ದಿನಗಳಾದ ಮೇಲೆ ರಿಸಲ್ಟ್ ಬಂತು, ಅದೂ ಒಂದು ರಾತ್ರಿ, ಎಲ್ಲರೂ ಮಲಗುವ ಹೊತ್ತಿಗೆ. ಸೈಟು ತೆರೆಯದು, ತೆರೆದರೆ ಕ್ಯಾಪ್ಚಾ ತಪ್ಪು. ಕೊನೆಗೆ ಕಿರಣನದು ಮೊದಲು ತೆರೆಯಿತು. ಎಂ-ತ್ರೀ: 21, 23, ಒಟ್ಟು 44, ಪಕ್ಕದಲ್ಲಿ P. ಹಾಕಿಕೊಂಡ ಹದಿನೆಂಟೂವರೆ ಎಲ್ಲಿ, ಬಂದ ಈ 23 ಎಲ್ಲಿ. ಆ ಫೋರಿಯರ್ ಲಿಮಿಟ್ಸ್ ಯಾರಿಗೋ ಇಷ್ಟ ಆಗಿರಬೇಕು. ಕಾರಿಡಾರಿನಲ್ಲಿ ಒಂದು ಸುತ್ತು ಕುಣಿದು ಬಂದ.

ಆಮೇಲೆ ಶಿವುದು. 20, 20, ಒಟ್ಟು 40, P.

"ಕೊಡು ಮಿರ್ಚಿ!" ಕಿರಣ ಮಂಚದ ಮೇಲೆ ಹತ್ತಿ ನಿಂತ. "39ಕ್ಕೆ 20 ಬಂತು! ಅರ್ಧ ಕೊಟ್ಟಾರೆ! ನನ್ನ ಲೆಕ್ಕದಿಂದ ಪಾಸಾದೀಯಲೇ ನೀನು!"

"39 ಅಂತ ಎಲ್ಲಿ ಬರೆದೈತಿ? 20 ಅಂತ ಐತಿ. 20 ಅಂದ್ರೆ 40ರ ಅರ್ಧ. ನಾಲ್ಕನೇ ಮಾಡ್ಯೂಲ್‌ಗೆ 7 ಬರ್ತೈತಿ ಅಂತ ಅವತ್ತೇ ಹೇಳಿರಲಿಲ್ವಾ?"

ಕಿರಣ ಮೊಬೈಲ್ ಕಿತ್ತುಕೊಂಡು ಹಿಗ್ಗಿಸಿ ನೋಡಿದ. ಅಲ್ಲಿ ಇದ್ದದ್ದು 50ಕ್ಕೆ ಇಳಿಸಿದ ಮಾರ್ಕು ಮಾತ್ರ. 100ಕ್ಕೆ ಬಂದದ್ದು ಎಷ್ಟು ಅನ್ನೋದು ಎಲ್ಲೂ ಇರಲಿಲ್ಲ.

"ಆನ್ಸರ್ ಶೀಟಿನ ಫೋಟೋಕಾಪಿ ಹಾಕ್ತೀನಿ" ಎಂದ ಶಿವು. "ಕಣ್ಣಾರೆ ತೋರಿಸ್ತೀನಿ, 40."

"ಪಾಸಾದವನು ಫೋಟೋಕಾಪಿ ಹಾಕ್ತಾನೇನಲೇ?"

"ಬೆಟ್ಟು ಅಂದ್ರೆ ಬೆಟ್ಟು."

"ಆ ಫೀಜಲ್ಲಿ ಇಡೀ ಫ್ಲೋರಿಗೆ ಮಿರ್ಚಿ ಕೊಡಿಸಬಹುದು ಕಣೋ."

ಶಿವು ಸ್ವಲ್ಪ ಯೋಚಿಸಿದ. "ಫೀಜಿನಲ್ಲಿ ಅರ್ಧ ನೀನು ಹಾಕು" ಎಂದ.

"ಯಾರೂ ಸುಮ್ನೆ ಅರ್ಧ ಕೊಡಲ್ಲ" ಎಂದ ಕಿರಣ.