ಗುರುವಾರದ ಇಂಟರ್‌ವ್ಯೂ ವಿಡಿಯೋ ಬದಲು ಫೋನ್ ಕಾಲ್‌ನಲ್ಲಿ ಆಗಬಹುದಾ?

ನಮಸ್ಕಾರ ಮೇಡಂ,

ನಾನು ರೂಪಾ, ಮಧುಗಿರಿಯಿಂದ. ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಗುರುವಾರ ಬೆಳಿಗ್ಗೆ 11ಕ್ಕೆ ವಿಡಿಯೋ ಇಂಟರ್‌ವ್ಯೂ ಅಂತ ನಿಮ್ಮ ಮೇಲ್ ಬಂತು, ಥ್ಯಾಂಕ್ಸ್. ದಿನವೂ ಸರಿ, ಟೈಮೂ ಸರಿ. ವಿಡಿಯೋ ಬದಲು ಮಾಮೂಲಿ ಫೋನ್ ಕಾಲ್‌ನಲ್ಲಿ ಮಾಡಬಹುದಾ ಅಂತ ಕೇಳೋಣ ಎಂದು ಬರೆಯುತ್ತಿದ್ದೇನೆ.

ಕಾರಣ ಇಂಟರ್ನೆಟ್. ಮನೆಗೆ ಫೈಬರ್ ಇದೆ, ರೌಟರ್‌ಗೆ ಯುಪಿಎಸ್ ಕೂಡ ಹಾಕಿಸಿದ್ದೇವೆ. ಆದರೆ ಕರೆಂಟ್ ಹೋದರೆ ನಮ್ಮ ಬೀದಿಗೆ ಲೈನ್ ಹಂಚುವ ಕಂಬದ ಮೇಲಿನ ಡಬ್ಬಿಯೂ ಆಫ್ ಆಗುತ್ತದೆ, ಅದಕ್ಕೆ ಬ್ಯಾಟರಿ ಇಲ್ಲ, ಹಾಗಾಗಿ ನನ್ನ ರೌಟರ್‌ನಲ್ಲಿ ಒಂದು ಕೆಂಪು ಲೈಟ್ ಮಿಣುಕುತ್ತಾ ಕೂತಿರುತ್ತದೆ ಅಷ್ಟೇ. ಕರೆಂಟ್ ಬಂದ ಮೇಲೂ ನೆಟ್ ತಕ್ಷಣ ಬರುವುದಿಲ್ಲ. ಅದು ಸಾಲದು ಅಂತ ಈಗ ಪಕ್ಕದ ರಸ್ತೆಯಲ್ಲಿ ಚರಂಡಿ ಕೆಲಸ ನಡೀತಾ ಇದೆ, ಜೆಸಿಬಿ ಒಂದು ಸಲ ಕೇಬಲ್ ಎಳೆದರೆ ಆ ದಿನ ಮುಗಿಯಿತು. ಯಾವ ದಿನ ಸರಿ ಇರುತ್ತೆ, ಯಾವ ದಿನ ಇರಲ್ಲ ಅಂತ ಮೊದಲೇ ಹೇಳೋಕಾಗಲ್ಲ. ಅದಕ್ಕೇ ಬೇರೆ ದಿನ ಕೊಡಿ ಅಂತ ಕೇಳುತ್ತಿಲ್ಲ.

ಮೊಬೈಲ್ ಹಾಟ್‌ಸ್ಪಾಟ್ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ವಿಡಿಯೋ ನೋಡೋಕೆ ತೊಂದರೆ ಇಲ್ಲ, ನಮ್ಮ ಕಡೆಯಿಂದ ಕಳಿಸೋಕೆ ಹೋದರೆ ಮಾತ್ರ ಒದ್ದಾಟ. ಅಪ್‌ಲೋಡ್ ಸ್ಪೀಡ್ ಅಷ್ಟು ಕಡಿಮೆ. ನಿಮ್ಮ ಮಾತು ನನಗೆ ಚೆನ್ನಾಗಿ ಕೇಳಿಸುತ್ತೆ, ನನ್ನ ಮುಖ ಅಲ್ಲಿ ಅರ್ಧ ಬಾಯಿ ತೆರೆದುಕೊಂಡು ನಿಂತಿರುತ್ತೆ. ಸೈಬರ್ ಸೆಂಟರ್‌ನಲ್ಲಿ ಕೂತು ಮಾಡೋಣ ಅಂದರೆ ಅಲ್ಲಿ ಆಧಾರ್, ಪಹಣಿ ಪ್ರಿಂಟ್ ತೆಗೆಸುವವರ ಗಲಾಟೆ, ಜಿಎಸ್‌ಟಿ ಬಗ್ಗೆ ಅಲ್ಲಿ ಕೂತು ಮಾತಾಡೋದು ಬೇಡ ಬಿಡಿ.

ಆದರೆ ಸಾದಾ ಕಾಲ್ ನಮ್ಮಲ್ಲಿ ಚೆನ್ನಾಗಿ ಬರುತ್ತೆ. 4ಜಿಯಲ್ಲಿ ಮಾತಿಗೆ ನೆಟ್‌ವರ್ಕ್ ಮೊದಲು ಜಾಗ ಕೊಡುತ್ತದೆ, ಡೇಟಾ ಆಮೇಲೆ. ಅದಕ್ಕೇ ನೆಟ್ ನಿಂತು ಹೋಗಿದ್ದಾಗಲೂ ಕಾಲ್ ಕಟ್ ಆಗುವುದು ಕಡಿಮೆ. ಹಾಗಾಗಿ ಆಡಿಯೋ ಅಂದರೆ ವಾಟ್ಸಾಪ್ ಕಾಲ್ ಅಲ್ಲ, ಕ್ಯಾಮೆರಾ ಆಫ್ ಮಾಡಿದ ಮೀಟಿಂಗ್ ಕೂಡ ಅಲ್ಲ, ನೇರ ನನ್ನ ನಂಬರ್‌ಗೆ ಫೋನ್. ಇಬ್ಬರು ಮೂವರು ಇಂಟರ್‌ವ್ಯೂ ಮಾಡುವುದಾದರೆ ಕಾನ್ಫರೆನ್ಸ್‌ನಲ್ಲಿ ಸೇರಿಸಿಕೊಳ್ಳಿ, ಇಲ್ಲ ನಿಮ್ಮ ಮೀಟಿಂಗ್‌ಗೆ ಡಯಲ್ ಮಾಡುವ ಫೋನ್ ನಂಬರ್ ಇದ್ದರೆ ಕಳಿಸಿ, ನಾನೇ ಮಾಡುತ್ತೇನೆ.

ಮುಖ ಕಾಣದಿದ್ದರೆ ಆ ಕಡೆ ಯಾರು ಮಾತಾಡುತ್ತಿದ್ದಾರೋ, ಪಕ್ಕದಲ್ಲಿ ಯಾರು ಹೇಳಿಕೊಡುತ್ತಿದ್ದಾರೋ ಅಂತ ಅನುಮಾನ ಬರುವುದು ಸಹಜ. ನಿಮ್ಮ ಜಾಗದಲ್ಲಿ ನಾನಿದ್ದರೂ ಬರುತ್ತಿತ್ತು. ಅದಕ್ಕೆ ಹೀಗೆ ಮಾಡೋಣವಾ? 11ಕ್ಕೆ ಸರಿಯಾಗಿ ನೆಟ್ ಇದ್ದರೆ ಮೊದಲು ವಿಡಿಯೋದಲ್ಲಿ ಬರುತ್ತೇನೆ, ಮುಖ ನೋಡಿ, ಐಡಿ ಕಾರ್ಡ್ ನೋಡಿ, ಆಮೇಲೆ ಅದನ್ನು ಬಿಟ್ಟು ಫೋನ್‌ಗೆ ಹೋಗೋಣ. ಆವತ್ತು ನೆಟ್ ಇಲ್ಲದಿದ್ದರೆ ಕೆಲಸ ಕೊಡುವ ಮುಂಚೆ ಒಂದು ದಿನ ಆಫೀಸಿಗೇ ಕರೆಯಿರಿ, ಬಸ್ ಹತ್ತಿ ಬೆಂಗಳೂರಿಗೆ ಬರುತ್ತೇನೆ, ಅದೇ ಪ್ರಶ್ನೆಗಳನ್ನು ಎದುರು ಕೂರಿಸಿಕೊಂಡು ಕೇಳಿದರೂ ಪರವಾಗಿಲ್ಲ.

ಟ್ಯಾಲಿಯಲ್ಲಿ ಒಂದು ಸಣ್ಣ ಟೆಸ್ಟ್ ಇರುತ್ತೆ, ಸ್ಕ್ರೀನ್ ಶೇರ್ ಮಾಡಬೇಕು ಅಂತ ಬರೆದಿದ್ದೀರಿ. ಫೋನ್‌ನಲ್ಲಿ ಅದು ಆಗಲ್ಲ, ನಿಜ. ಎಂಟ್ರಿ ಮಾಡಬೇಕಾದ ಬಿಲ್‌ಗಳನ್ನು ಆ ಹೊತ್ತಿಗೇ ಮೇಲ್ ಮಾಡಿ, ಟೈಮ್ ಹಾಕಿ, ಮುಗಿಸಿ ಬ್ಯಾಕಪ್ ಫೈಲ್ ಕಳಿಸುತ್ತೇನೆ. ಫೈಲ್ ಚಿಕ್ಕದು, ಹಾಟ್‌ಸ್ಪಾಟ್‌ನಲ್ಲೂ ಹೋಗುತ್ತೆ. ಆಮೇಲೆ ಯಾವ ಎಂಟ್ರಿ ಯಾಕೆ ಹಾಗೆ ಹಾಕಿದೆ ಅಂತ ಫೋನ್‌ನಲ್ಲೇ ಕೇಳಿ. ಇಲ್ಲಿ ಆಡಿಟರ್ ಆಫೀಸಿನಲ್ಲಿ ನನ್ನ ದಿನದ ಕೆಲಸವೇ ಅದು. ಅಂಗಡಿಯವರು ಬಿಲ್‌ಗಳನ್ನು ಕವರ್‌ನಲ್ಲಿ ತುಂಬಿ ತಂದುಕೊಡುತ್ತಾರೆ, 20ನೇ ತಾರೀಖಿನೊಳಗೆ ಜಿಎಸ್‌ಟಿಆರ್-3ಬಿ ಹಾಕಬೇಕು, ಅರ್ಧ ಬಿಲ್‌ಗೆ ಜಿಎಸ್‌ಟಿ ನಂಬರೇ ಇರಲ್ಲ, ಎಲ್ಲರಿಗೂ ಫೋನ್ ಮಾಡಿಯೇ ಸರಿಮಾಡಿಕೊಳ್ಳುವುದು. ಫೋನ್‌ನಲ್ಲಿ ಲೆಕ್ಕ ಮಾತಾಡಿ ಅಭ್ಯಾಸ ಜಾಸ್ತಿ!

ಇಷ್ಟರ ಮೇಲೂ ವಿಡಿಯೋನೇ ಆಗಬೇಕು ಅಂತ ನಿಮ್ಮಲ್ಲಿ ರೂಲ್ಸ್ ಇದ್ದರೆ ಹೇಳಿಬಿಡಿ, ಬೇಜಾರಿಲ್ಲ. ತುಮಕೂರಿನಲ್ಲಿ ಚಿಕ್ಕಮ್ಮನ ಮನೆ ಇದೆ, ಅಲ್ಲಿ ನೆಟ್ ಪರವಾಗಿಲ್ಲ, ಹಿಂದಿನ ದಿನವೇ ಹೋಗಿ ಉಳಿದುಕೊಳ್ಳುತ್ತೇನೆ. ಬುಧವಾರ ಮಧ್ಯಾಹ್ನದೊಳಗೆ ಗೊತ್ತಾದರೆ ಆಫೀಸಿನಲ್ಲಿ ರಜೆ ಕೇಳೋಕೆ ಅನುಕೂಲ.

ನನ್ನ ನಂಬರ್ ಬಯೋಡೇಟಾದಲ್ಲಿ ಇರುವುದೇ. ಮೇಲ್ ತಡವಾಗಿ ನೋಡುವ ಸಾಧ್ಯತೆ ಇದೆ, ಉತ್ತರವನ್ನು ಒಂದು ಎಸ್‌ಎಂಎಸ್ ಮಾಡಿದರೂ ಸಾಕು.

ಇಂತಿ,
ರೂಪಾ
ಮಧುಗಿರಿ, ತುಮಕೂರು ಜಿಲ್ಲೆ