ಸಿಂಚನಾ ಮತ್ತು ಪ್ರಣವ್ ಆರತಕ್ಷತೆ: ನಿರೂಪಣೆಯ ಪ್ರತಿ

(ಸಂಜೆ 6.50. ನಾದಸ್ವರದವರು ನುಡಿಸುತ್ತಿರುವ ಕೃತಿ ಮುಗಿಯುವವರೆಗೆ ಮೈಕ್ ಎತ್ತಿಕೊಳ್ಳುವುದಿಲ್ಲ.)

ಎಲ್ಲರಿಗೂ ನಮಸ್ಕಾರ. ಎರಡೂ ಮನೆಯವರ ಪರವಾಗಿ ತಮಗೆಲ್ಲ ಬಸವನಗುಡಿಗೆ ಪ್ರೀತಿಯ ಸ್ವಾಗತ. ನಾನು ಅನುಷಾ, ವಧು ಸಿಂಚನಾಳ ದೊಡ್ಡಪ್ಪನ ಮಗಳು. ಹಾಸನದಿಂದ ಬೆಳಿಗ್ಗೆಯೇ ಹೊರಟು ಬಂದವರಿದ್ದೀರಿ, ಕಚೇರಿ ಮುಗಿಸಿ ಸಿಲ್ಕ್ ಬೋರ್ಡ್ ದಾಟಿ ಬಂದವರೂ ಇದ್ದೀರಿ. ಯಾವುದು ದೂರದ ಪ್ರಯಾಣ ಎಂದು ಹೇಳುವುದು ಕಷ್ಟ! ಬಾದಾಮಿ ಹಾಲು ಬಾಗಿಲ ಬಲಗಡೆ ಇದೆ. ಮುಂದಿನ ಎರಡು ಸಾಲುಗಳನ್ನು ಹಿರಿಯರಿಗೆ ಬಿಟ್ಟುಕೊಡಿ.

ಮೊದಲು ಹೆತ್ತವರು. ವರನ ತಾಯಿ ತಂದೆ, ಶ್ರೀಮತಿ ಲಲಿತಾ ಮತ್ತು ಶ್ರೀ ರಾಘವೇಂದ್ರ. ವಧುವಿನ ತಾಯಿ ತಂದೆ, ನನ್ನ ಚಿಕ್ಕಮ್ಮ ಶ್ರೀಮತಿ ಸುಮಾ ಮತ್ತು ಚಿಕ್ಕಪ್ಪ ಶ್ರೀ ಮಂಜುನಾಥ್. ಒಂದು ವಾರದಿಂದ ಕುಳಿತು ಊಟ ಮಾಡದ ನಾಲ್ವರು ಇವರು. ವೇದಿಕೆಗೆ ದಯಮಾಡಿಸಿ.

(ನಾದಸ್ವರ ಮತ್ತೆ ಆರಂಭ. ಬಾಗಿಲಲ್ಲಿರುವ ಸೋದರಮಾವ ಕೈ ಎತ್ತಿದ ಮೇಲೆ ಮುಂದಿನ ಮಾತು.)

ಹೂ ಹಿಡಿದಿರುವ ಮಕ್ಕಳೇ, ದಳಗಳನ್ನು ಮೇಲಕ್ಕೆ ತೂರಿ, ಮುಖಕ್ಕೆ ಬೇಡ. ಬರುತ್ತಿದ್ದಾರೆ ನೋಡಿ, ನಮ್ಮ ಸಿಂಚನಾ ಮತ್ತು ಪ್ರಣವ್!

(ಇಲ್ಲಿ ಮಾತು ಸಾಕು. ಅವರು ವೇದಿಕೆ ಏರಿ ಹಿರಿಯರಿಗೆ ನಮಸ್ಕರಿಸುವವರೆಗೆ ನಾದಸ್ವರವೊಂದೇ ಕೇಳಿಸಲಿ.)

ಹೆಣ್ಣು ನೋಡುವ ಶಾಸ್ತ್ರದ ದಿನ ಇವರಿಬ್ಬರೂ ಬಾಯಿ ಬಿಡಲಿಲ್ಲ. ಕೇಸರಿಬಾತ್ ತಣ್ಣಗಾಯಿತು, ಸಂಬಂಧ ಕೂಡಿಬರಲಿಲ್ಲ ಎಂದುಕೊಂಡೆವು. ಆ ಭಾನುವಾರ ಇಬ್ಬರೂ ಜಯನಗರದ ಒಂದು ಅಯ್ಯಂಗಾರ್ ಬೇಕರಿಯ ಮುಂದೆ ಭೇಟಿಯಾದರು. ಒಂದು ತಟ್ಟೆ ಹನಿ ಕೇಕ್, ಎರಡು ಚಮಚ. ಸಿಂಚನಾ ಮನೆಗೆ ಬಂದು ಅಮ್ಮನಿಗೆ ಹೇಳಿದ್ದು ಇಷ್ಟೇ: "ಕೊನೆಯ ತುಂಡು ನನಗೆ ಬಿಟ್ಟರು."

ಅದಕ್ಕೇ ಇಂದು ಕ್ರೀಮಿನ ಗೋಪುರವಿಲ್ಲ. ಮೂರು ಅಂತಸ್ತಿನ ಹನಿ ಕೇಕ್ ಇದೆ. ಮೊಟ್ಟೆ ಹಾಕಿಲ್ಲ, ಆದ್ದರಿಂದ ಅಜ್ಜಿಯಂದಿರೂ ತಿನ್ನಬಹುದು. ಕೆಂಪು ಜಾಮ್, ಅದರ ಮೇಲೆ ಕೊಬ್ಬರಿ ತುರಿ, ಒಳಗೆ ಪಾಕ ಹೀರಿಕೊಂಡ ಮೆತ್ತನೆಯ ಪದರ. ಪ್ರಣವ್, ಚಾಕು ನಿಧಾನವಾಗಿ ಇಳಿಯಲಿ, ಪಾಕ ರೇಷ್ಮೆ ಸೀರೆಗೆ ತಾಗಬಾರದು. ಸುಮಾ ಚಿಕ್ಕಮ್ಮ, ಲಲಿತಾ ಅತ್ತೆ, ನೀವಿಬ್ಬರೂ ಪಕ್ಕಕ್ಕೆ ಬನ್ನಿ, ಮೊದಲ ಎರಡು ತುತ್ತು ನಿಮ್ಮವು. ಎಲ್ಲರೂ ಚಪ್ಪಾಳೆ ತಟ್ಟಿ!

(ಕೇಕ್ ಮೇಜನ್ನು ಎಡಕ್ಕೆ ಸರಿಸುವಾಗ ಮುಂದಿನ ಮಾತು. ಕೈ ಒರೆಸಲು ಒದ್ದೆ ಬಟ್ಟೆ ಸಿದ್ಧವಿರಲಿ.)

ಕೇಕ್ ತಟ್ಟೆಗಳು ನೀವಿದ್ದಲ್ಲಿಗೇ ಬರುತ್ತವೆ. ತಿನ್ನುತ್ತಾ ಪ್ರಣವ್‌ನ ಎಡ ಮಣಿಕಟ್ಟನ್ನು ಗಮನಿಸಿ. ಅದು ದಿನವೂ ಕೀಲಿ ಕೊಡಬೇಕಾದ ಎಚ್‌ಎಂಟಿ ಗಡಿಯಾರ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ ಎಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಕೆಲವು ವರ್ಷಗಳ ನಂತರ ಆ ಕಾರ್ಖಾನೆಗೆ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಮೊದಲ ಸಂಬಳದಲ್ಲಿ ಉಳಿಸಿ ಕೊಂಡ ಗಡಿಯಾರ ಅದು. ಆ ಹುಡುಗನಿಗೆ ಈಗ 84 ವರ್ಷ. ಪ್ರಣವ್‌ನ ತಾತ, ಶ್ರೀ ವೆಂಕಟೇಶಯ್ಯನವರು ಮಾತನಾಡಲಿದ್ದಾರೆ. ತಾತ, ತಾವು ಎದ್ದು ಬರುವುದು ಬೇಡ, ಮೈಕ್ ತಮ್ಮ ಬಳಿಗೇ ಬರುತ್ತದೆ.

(ತಾತನವರು ಎಷ್ಟು ಹೊತ್ತು ಮಾತನಾಡಿದರೂ ಚೀಟಿ ಕಳಿಸುವುದಿಲ್ಲ. ತಡವಾದರೆ ಫೋಟೋಗೆ ಇಟ್ಟ ಸಮಯದಲ್ಲಿ ಕಡಿತ.)

ಧನ್ಯವಾದಗಳು ತಾತ. ಇಷ್ಟು ಹೊತ್ತು ವರನ ಕಡೆಯ ಮಾತು ಕೇಳಿದೆವು, ಈಗ ವಧುವಿನ ಗೆಳತಿಯ ಸರದಿ. ಹಾಸ್ಟೆಲಿನಲ್ಲಿ ಸಿಂಚನಾಳ ಜೊತೆ ಒಂದೇ ಕೋಣೆಯಲ್ಲಿದ್ದ ಫಾತಿಮಾ ಮಂಗಳೂರಿನಿಂದ ಬಂದಿದ್ದಾಳೆ. ಹಾಸ್ಟೆಲಿನ ಎಲ್ಲ ಕಥೆಗಳನ್ನೂ ಹೇಳುವುದಿಲ್ಲ ಎಂದು ವಧುವಿಗೆ ಮಾತು ಕೊಟ್ಟಿದ್ದಾಳೆ. ಬಾ ಫಾತಿಮಾ.

(ಫಾತಿಮಾಳ ಮಾತಿಗೆ ಎದ್ದ ನಗು ತಗ್ಗಿದ ಮೇಲೆ, ದನಿ ಇಳಿಸಿ.)

ಕೊನೆಯದಾಗಿ ಮಂಜುನಾಥ್ ಚಿಕ್ಕಪ್ಪ. ಮನೆಯಲ್ಲಿ ಹೆಚ್ಚು ಮಾತಿನವರಲ್ಲ. ಸಿಂಚನಾ ಪರೀಕ್ಷೆಗೆ ಓದುವಾಗ ರಾತ್ರಿಯೆಲ್ಲ ಪಕ್ಕದ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂರುತ್ತಿದ್ದರು, ಪುಟ ಮಾತ್ರ ತಿರುವುತ್ತಿರಲಿಲ್ಲ. ಚಿಕ್ಕಪ್ಪ, ಎರಡೇ ಮಾತಾದರೂ ಸಾಕು.

(ಅವರ ದನಿ ಕಟ್ಟಿದರೆ ನಡುವೆ ಬಾಯಿ ಹಾಕುವುದಿಲ್ಲ, ಚಪ್ಪಾಳೆಗೂ ಕರೆಯುವುದಿಲ್ಲ. ಸಿಂಚನಾ ತಾನೇ ಎದ್ದು ಹೋಗುತ್ತಾಳೆ. ಅವಳು ಮರಳಿ ಕುಳಿತ ಮೇಲೆ ಮುಂದುವರಿಯುವುದು.)

ಇನ್ನು ವೇದಿಕೆ ತಮ್ಮದು. ಎಡಗಡೆಯಿಂದ ಹತ್ತಿ, ಬಲಗಡೆಯಿಂದ ಇಳಿಯಿರಿ. ಹಿರಿಯರು ಮತ್ತು ಎಳೆಯ ಕೂಸುಗಳಿರುವವರು ಸಾಲಿನಲ್ಲಿ ನಿಲ್ಲಬೇಕಿಲ್ಲ, ನೇರವಾಗಿ ಬನ್ನಿ. ಕೆಳಗಿನ ಹಾಲ್‌ನಲ್ಲಿ ಬಾಳೆ ಎಲೆ ಹಾಕಿದ್ದಾರೆ: ಚಿರೋಟಿ, ಬಿಸಿಬೇಳೆಬಾತ್, ಹೋಳಿಗೆ. ಹೋಳಿಗೆಗೆ ತುಪ್ಪ ಕೇಳಿ ಹಾಕಿಸಿಕೊಳ್ಳಿ. ಮಲ್ಲೇಶ್ವರದ ಕಡೆಗೆ ಹೋಗುವವರಿಗೆ ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣ ಹತ್ತಿರ, ಅವರು ಮೊದಲ ಪಂಕ್ತಿಗೇ ಕುಳಿತುಬಿಡಿ. ತಾಂಬೂಲದ ಚೀಲವನ್ನು ಬಾಗಿಲಲ್ಲಿ ಮರೆಯದೆ ತೆಗೆದುಕೊಳ್ಳಿ. ನಾಳೆ ಬೆಳಿಗ್ಗೆ 9ರಿಂದ 10.30ರೊಳಗೆ ಇದೇ ಮಂಟಪದಲ್ಲಿ ಧಾರಾ ಮುಹೂರ್ತ, 7 ಗಂಟೆಯಿಂದ ತಿಂಡಿ. ತಪ್ಪದೆ ಬನ್ನಿ.